ಮೇಲಿನವರಿಗೆ ಬರೆಯುವ ಪತ್ರದಲ್ಲಿ ಯಾರ ಹೆಸರು, ಯಾವ ಸಾಲು? ತಂಡದ ಕೆಲಸ ತಿಳಿಸುವ ನಾಲ್ಕು ದಾರಿಗಳ ಹೋಲಿಕೆ

ತಂಡದ ಕೆಲಸವೊಂದು ಮುಗಿದಿದೆ, ಫಲಿತಾಂಶ ಚೆನ್ನಾಗಿ ಬಂದಿದೆ, ಮೇಲಿನವರಿಗೆ ಇಮೇಲ್ ಬರೆಯುವ ಹೊಣೆ ನಿಮ್ಮ ಮೇಲೆ ಬಿದ್ದಿದೆ. ಮೊದಲ ಸಾಲಿಗೇ ಕೈ ತಡೆಯುತ್ತದೆ. ಎಲ್ಲ ಕಡೆ ‘ನಾವು’ ಎಂದು ಬರೆದರೆ ನೀವು ಮಾಡಿದ್ದು ಎಲ್ಲೂ ಕಾಣುವುದಿಲ್ಲ. ‘ನಾನು’ ಎಂದು ಬರೆದರೆ ನಿಮ್ಮ ಬೆನ್ನನ್ನು ನೀವೇ ತಟ್ಟಿಕೊಂಡಂತೆ ಅನಿಸುತ್ತದೆ, ಜೊತೆಯವರು ಏನೆಂದುಕೊಳ್ಳುತ್ತಾರೋ ಎಂಬ ಅಳುಕು ಬೇರೆ. ಕೊನೆಗೆ ಹೆಚ್ಚಿನವರು ‘ಎಲ್ಲರಿಗೂ ಧನ್ಯವಾದ’ ಎಂದು ಮುಗಿಸಿ ಕಳಿಸಿಬಿಡುತ್ತಾರೆ.

ಈ ತೊಳಲಾಟದಲ್ಲಿ ನಾವು ಕೇಳಿಕೊಳ್ಳುತ್ತಿರುವ ಪ್ರಶ್ನೆಯೇ ಸರಿಯಿಲ್ಲ ಎಂದು ನನಗೆ ಅನಿಸುತ್ತದೆ. ‘ಯಾರಿಗೆ ಎಷ್ಟು ಹೊಗಳಿಕೆ’ ಎಂದು ಯೋಚಿಸಿದರೆ ಹಂಚುವ ಲೆಕ್ಕ ಶುರುವಾಗುತ್ತದೆ, ಒಬ್ಬರಿಗೆ ಹೆಚ್ಚಾದರೆ ಇನ್ನೊಬ್ಬರಿಗೆ ಕಡಿಮೆ. ಬದಲಿಗೆ ಇದನ್ನು ಕೇಳಿ: ಈ ಪತ್ರ ಓದಿದ ಮೇಲೆ, ಈ ಕೆಲಸದ ಬಗ್ಗೆ ಮುಂದೆ ಒಂದು ಪ್ರಶ್ನೆ ಎದ್ದರೆ, ಯಾರನ್ನು ಕರೆಯಬೇಕು ಎಂದು ಓದಿದವರಿಗೆ ಗೊತ್ತಾಗುತ್ತದೆಯೇ? ಮೇಲಿನವರಿಗೆ ಪತ್ರದಿಂದ ನಿಜಕ್ಕೂ ಬೇಕಾಗಿರುವುದು ಅದು. ಮುಂದಿನ ಕೆಲಸವನ್ನು ಯಾರಿಗೆ ಕೊಡಬೇಕು, ಯಾರ ಮಾತಿಗೆ ಬೆಲೆ ಕೊಡಬೇಕು, ಯಾರನ್ನು ಉಳಿಸಿಕೊಳ್ಳಬೇಕು ಎಂಬ ನಿರ್ಧಾರಗಳೆಲ್ಲ ಆ ತಿಳಿವಳಿಕೆಯ ಮೇಲೆ ನಿಲ್ಲುತ್ತವೆ. ಈ ಅಳತೆಯಲ್ಲಿ ನೋಡಿದರೆ ನಿಮ್ಮ ಸಾಲನ್ನು ಬಿಡುವುದು ವಿನಯವಲ್ಲ, ಪತ್ರದಲ್ಲಿ ಇರಬೇಕಾದ ಒಂದು ಮಾಹಿತಿಯನ್ನು ಬಿಟ್ಟಂತೆ.

ಜನ ಸಾಮಾನ್ಯವಾಗಿ ಹಿಡಿಯುವ ದಾರಿಗಳು ನಾಲ್ಕು: ಉದ್ದಕ್ಕೂ ‘ನಾವು’, ಕೊನೆಯಲ್ಲಿ ಧನ್ಯವಾದದ ಪಟ್ಟಿ, ಹೆಸರಿಗೊಂದು ಕೆಲಸ ಜೋಡಿಸಿದ ಸಾಲುಗಳು, ಮತ್ತು ತಂಡಕ್ಕೊಂದು ನಿಮಗೊಂದು ಎಂದು ಎರಡು ಪತ್ರ. ಒಂದೇ ಉದಾಹರಣೆಯನ್ನು ನಾಲ್ಕರಲ್ಲೂ ಇಟ್ಟು ನೋಡೋಣ.

ಉದಾಹರಣೆ

ಹೋಲಿಕೆಗಾಗಿ ಕಟ್ಟಿಕೊಂಡ ಪ್ರಸಂಗ ಇದು. ಆನ್‌ಲೈನ್‌ನಲ್ಲಿ ವಸ್ತು ಮಾರುವ ಸಂಸ್ಥೆಯೊಂದರಲ್ಲಿ ಗ್ರಾಹಕರಿಗೆ ಹಣ ವಾಪಸ್ ಆಗಲು ಸರಾಸರಿ 9 ದಿನ ಹಿಡಿಯುತ್ತಿತ್ತು. ದೂರುಗಳು ಹೆಚ್ಚಿದವು. ನೀವು, ಒಬ್ಬರು ಡೇಟಾ ಅನಾಲಿಸ್ಟ್, ಒಬ್ಬರು ಡೆವಲಪರ್, ಒಬ್ಬರು ಟೆಸ್ಟರ್ ಸೇರಿ ಕೂತಿರಿ. ತಡ ಆಗುತ್ತಿರುವುದು ಬ್ಯಾಂಕಿನಲ್ಲಿ ಎಂದೇ ಎಲ್ಲರೂ ನಂಬಿದ್ದರು. ಅನಾಲಿಸ್ಟ್ 3 ತಿಂಗಳ ದಾಖಲೆ ತೆಗೆದು ನೋಡಿದಾಗ, 9ರಲ್ಲಿ 7 ದಿನ ನಿಮ್ಮದೇ ಸಂಸ್ಥೆಯ ಲೆಕ್ಕಪತ್ರ ವಿಭಾಗದ ಅನುಮೋದನೆಗೆ ಕಾಯುವುದರಲ್ಲೇ ಕಳೆಯುತ್ತಿದೆ ಎಂದು ಗೊತ್ತಾಯಿತು. ಅಲ್ಲಿಗೆ ಕಡತ ವಾರಕ್ಕೆ ಎರಡೇ ಸಲ ಹೋಗುತ್ತಿತ್ತು, ಪ್ರತಿಯೊಂದನ್ನೂ ಕೈಯಿಂದಲೇ ಪರಿಶೀಲಿಸುತ್ತಿದ್ದರು.

ಇಡೀ ವ್ಯವಸ್ಥೆಯನ್ನೇ ಹೊಸದಾಗಿ ಬರೆಯಬೇಕು ಎಂಬ ಮಾತಿತ್ತು. ಅದು ಬೇಡ, ಅನುಮೋದನೆಯ ಹಂತವನ್ನಷ್ಟೇ ಬದಲಿಸೋಣ ಎಂದು ನೀವು ನಿರ್ಧರಿಸಿದಿರಿ. ಸಣ್ಣ ಮೊತ್ತಗಳಿಗೆ ತಾನಾಗಿಯೇ ಅನುಮೋದನೆ ಸಿಗುವಂತೆ ಮಾಡಲು ಲೆಕ್ಕಪತ್ರ ವಿಭಾಗದ ಮುಖ್ಯಸ್ಥರನ್ನು ಒಪ್ಪಿಸಿದ್ದೂ ನೀವೇ. ಅವರಿಗಿದ್ದ ಅಂಜಿಕೆ ಮೋಸದ ಬೇಡಿಕೆಗಳದ್ದು. ಅದಕ್ಕೆ ಒಂದು ಮಿತಿ ಹಾಕಿ, ಮೊದಲು ಒಂದೇ ಬಗೆಯ ವಸ್ತುವಿನ ಮೇಲೆ ಪ್ರಯೋಗ ಮಾಡಿ ತೋರಿಸುವ ಯೋಜನೆ ಮಾಡಿದಿರಿ. ಡೆವಲಪರ್ ಕಡತ ದಿನವೂ ಹೋಗುವಂತೆ ಮಾಡಿ, ತಾನಾಗಿ ಅನುಮೋದಿಸುವ ಭಾಗವನ್ನು ಬರೆದರು. ಟೆಸ್ಟರ್ ಪರೀಕ್ಷೆಯಲ್ಲಿ ಒಂದು ಅಪಾಯ ಹಿಡಿದರು: ಒಂದು ಸಂದರ್ಭದಲ್ಲಿ ಒಬ್ಬರಿಗೇ ಎರಡು ಸಲ ಹಣ ಹೋಗುತ್ತಿತ್ತು. ಅದನ್ನು ಸರಿಪಡಿಸಿ ಜಾರಿ ಮಾಡಿದ ಮೇಲೆ ಸರಾಸರಿ 3 ದಿನಕ್ಕೆ ಇಳಿಯಿತು.

ಇಲ್ಲಿ ನಿಮ್ಮ ಕೆಲಸದ ಬಗೆಯನ್ನು ಗಮನಿಸಿ. ಅನಾಲಿಸ್ಟ್ ಬಳಿ ತೋರಿಸಲು ವರದಿ ಇದೆ, ಡೆವಲಪರ್ ಬಳಿ ಕೋಡ್ ಇದೆ, ಟೆಸ್ಟರ್ ಬಳಿ ದೋಷದ ದಾಖಲೆ ಇದೆ. ನೀವು ಮಾಡಿದ್ದು ಒಂದು ನಿರ್ಧಾರ, ಒಂದು ಒಪ್ಪಿಗೆ, ಒಂದು ಕ್ರಮ. ಕೈಯಲ್ಲಿ ಹಿಡಿದು ತೋರಿಸುವ ವಸ್ತು ಅದರಲ್ಲಿ ಯಾವುದೂ ಇಲ್ಲ. ತಂಡದ ಪತ್ರಗಳಲ್ಲಿ ಮೊದಲು ಮಾಯವಾಗುವುದು ಇಂಥ ಕೆಲಸವೇ.

ಮೊದಲ ದಾರಿ: ಉದ್ದಕ್ಕೂ ‘ನಾವು’

> ಹಣ ವಾಪಸಾತಿಯ ಸಮಯವನ್ನು ನಾವು 9 ದಿನದಿಂದ 3 ದಿನಕ್ಕೆ ಇಳಿಸಿದ್ದೇವೆ. ಅನುಮೋದನೆಯ ಹಂತದಲ್ಲಿ ತಡವಾಗುತ್ತಿರುವುದನ್ನು ಪತ್ತೆ ಹಚ್ಚಿ, ಆ ಹಂತವನ್ನು ಬದಲಿಸಿದೆವು. ಲೆಕ್ಕಪತ್ರ ವಿಭಾಗದ ಒಪ್ಪಿಗೆಯನ್ನೂ ಪಡೆಯಲಾಗಿದೆ.

ಓದಲು ಹಿತವಾಗಿದೆ, ಯಾರ ಮನಸ್ಸಿಗೂ ನೋವಿಲ್ಲ. ಆದರೆ ಮೇಲಿನವರಿಗೆ ನಾಳೆ ‘ಆ ಮಿತಿಯನ್ನು ಹೆಚ್ಚಿಸಬಹುದೇ’ ಎಂಬ ಪ್ರಶ್ನೆ ಬಂದರೆ ಯಾರನ್ನು ಕೇಳಬೇಕು? ಪತ್ರ ಹೇಳುವುದಿಲ್ಲ. ‘ಪಡೆಯಲಾಗಿದೆ’ ಎಂಬ ಕ್ರಿಯಾಪದದಲ್ಲಿ ಪಡೆದವರೇ ಇಲ್ಲ.

‘ನಾವು’ ಎಂದರೆ ಎಲ್ಲರಿಗೂ ಸಮನಾಗಿ ಸಲ್ಲುತ್ತದೆ ಎಂದು ಬರೆಯುವವರು ಭಾವಿಸುತ್ತಾರೆ. ಓದುವವರ ತಲೆಯಲ್ಲಿ ಹಾಗಾಗುವುದಿಲ್ಲ. ಖಾಲಿ ಬಿಟ್ಟ ಜಾಗವನ್ನು ಅವರು ತಮಗೆ ಈಗಾಗಲೇ ಗೊತ್ತಿರುವ ಹೆಸರಿನಿಂದ ತುಂಬಿಕೊಳ್ಳುತ್ತಾರೆ. ಕೆಲವೊಮ್ಮೆ ಅದು ಹಿರಿಯ ಡೆವಲಪರ್ ಹೆಸರು. ಹಲವು ಸಲ ಅದು ಪತ್ರ ಕಳಿಸಿದವರ ಹೆಸರೇ, ಏಕೆಂದರೆ ಮೇಲೆ ಕಾಣುವುದು ಅದೊಂದೇ. ಅಂದರೆ ‘ನಾವು’ ಪತ್ರ ನಿಮ್ಮನ್ನು ಅಳಿಸಿಹಾಕಬಹುದು, ಇಲ್ಲವೇ ನಿಮಗೆ ಗೊತ್ತಿಲ್ಲದೆಯೇ ಎಲ್ಲರ ಪಾಲನ್ನೂ ನಿಮಗೆ ಕೊಡಬಹುದು. ಎರಡೂ ನ್ಯಾಯವಲ್ಲ, ಎರಡರಲ್ಲಿ ಯಾವುದಾಯಿತು ಎಂದು ನಿಮಗೆ ತಿಳಿಯುವುದೂ ಇಲ್ಲ.

ಖಾಲಿ ಜಾಗ ತುಂಬಿಕೊಳ್ಳುವಾಗ ಪೂರ್ವಗ್ರಹವೂ ಬಂದು ಕೂರುತ್ತದೆ. ಮಡೆಲಿನ್ ಹೈಲ್‌ಮನ್ ಮತ್ತು ಮಿಶೆಲ್ ಹೇನ್ಸ್ ಎಂಬ ಮನಶ್ಶಾಸ್ತ್ರಜ್ಞೆಯರು 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತು. ಗಂಡು ಹೆಣ್ಣು ಇಬ್ಬರೂ ಸೇರಿ ಮಾಡಿ ಗೆದ್ದ ಕೆಲಸದಲ್ಲಿ ಯಾರ ಪಾಲು ಏನು ಎಂಬುದು ಅಸ್ಪಷ್ಟವಾಗಿದ್ದಾಗ, ನೋಡುಗರು ಹೆಣ್ಣಿನ ಸಾಮರ್ಥ್ಯವನ್ನೂ ಪ್ರಭಾವವನ್ನೂ ಕಡಿಮೆ ಅಂದಾಜು ಮಾಡಿದರು. ಅವಳ ಪಾಲು ಸ್ಪಷ್ಟವಾಗಿ ಗೊತ್ತಿದ್ದಾಗ ಆ ತಾರತಮ್ಯ ಕಾಣಲಿಲ್ಲ. ತಂಡದಲ್ಲಿ ಹೊಸಬರು, ಕಿರಿಯರು, ಸಭೆಯಲ್ಲಿ ಕಡಿಮೆ ಮಾತಾಡುವವರು ಇದ್ದರೆ ‘ನಾವು’ ಎಂಬುದು ಅವರಿಗೂ ಇದೇ ರೀತಿ ಮುಳುವಾದೀತು ಎಂಬುದು ನನ್ನ ಅನಿಸಿಕೆ.

ಹಾಗಾದರೆ ಇದನ್ನು ಎಲ್ಲಿ ಬಳಸಬಹುದು? ಸುದ್ದಿ ಸಣ್ಣದಿದ್ದಾಗ, ಅಥವಾ ಓದುವವರು ದಿನವೂ ತಂಡದ ಜೊತೆಗೇ ಕೂತು ಯಾರು ಏನು ಮಾಡುತ್ತಾರೆ ಎಂದು ಕಣ್ಣಾರೆ ನೋಡುವವರಾಗಿದ್ದಾಗ. ಕೆಟ್ಟ ಸುದ್ದಿ ತಿಳಿಸುವಾಗಲೂ ‘ನಾವು’ ಸರಿ. ತಪ್ಪಿನ ಹೊಣೆಯನ್ನು ತಂಡ ಒಟ್ಟಾಗಿ ಹೊರಬೇಕು.

ಎರಡನೇ ದಾರಿ: ಧನ್ಯವಾದದ ಪಟ್ಟಿ

ಮೇಲಿನ ಪತ್ರದ ಕೊನೆಗೆ ‘ಹಗಲಿರುಳು ದುಡಿದ ಅನಾಲಿಸ್ಟ್, ಡೆವಲಪರ್, ಟೆಸ್ಟರ್ ಇವರಿಗೆ ಹೃತ್ಪೂರ್ವಕ ಧನ್ಯವಾದಗಳು’ ಎಂದು ಮೂರು ಹೆಸರು ಸೇರಿಸಿದರೆ ಅದು ಎರಡನೇ ದಾರಿ. (ಇಲ್ಲಿ ಹುದ್ದೆಗಳನ್ನು ಇಟ್ಟಿದ್ದೇನೆ, ನಿಮ್ಮ ಪತ್ರದಲ್ಲಿ ಆ ಜಾಗಕ್ಕೆ ಹೆಸರುಗಳೇ ಬರಬೇಕು.)

ಇದು ಉದಾರವಾಗಿ ಕಾಣುತ್ತದೆ, ಮಾಹಿತಿ ಮಾತ್ರ ಸೊನ್ನೆ. ಮೂರೂ ಜನ ಒಂದೇ ವಿಶೇಷಣದ ಕೆಳಗೆ ನಿಂತಿದ್ದಾರೆ. ಹಗಲಿರುಳು ದುಡಿದರು ಎಂಬುದು ಅವರ ದಣಿವನ್ನು ಹೇಳುತ್ತದೆ, ಬುದ್ಧಿಯನ್ನು ಹೇಳುವುದಿಲ್ಲ. ಎಲ್ಲರೂ ಬ್ಯಾಂಕ್ ಕಡೆ ಬೆರಳು ತೋರಿಸುತ್ತಿದ್ದಾಗ ಒಳಗಿನ 7 ದಿನವನ್ನು ಹುಡುಕಿದ ಅನಾಲಿಸ್ಟ್‌ಗೆ ಇದಕ್ಕಿಂತ ಹೆಚ್ಚಿನದು ಸಲ್ಲಬೇಕು.

ಇನ್ನೂ ಒಂದು ಸೂಕ್ಷ್ಮ ಇದೆ. ಧನ್ಯವಾದ ಹೇಳುವವರು ಪಟ್ಟಿಯ ಹೊರಗೆ ನಿಲ್ಲುತ್ತಾರೆ. ಓದುವವರಿಗೆ ನೀವು ಎರಡರಲ್ಲಿ ಒಂದಾಗಿ ಕಾಣುತ್ತೀರಿ: ಇವರೆಲ್ಲರಿಂದ ಕೆಲಸ ಮಾಡಿಸಿದ ಮೇಲಧಿಕಾರಿ, ಇಲ್ಲವೇ ಸುದ್ದಿ ತಲುಪಿಸುವ ದೂತ. ಮೊದಲನೆಯದಾಗಿ ಕಂಡರೆ, ನಿಮ್ಮ ಸರಿಸಮಾನರಾದ ಜೊತೆಯವರು ‘ನಮಗೆ ಧನ್ಯವಾದ ಹೇಳಲು ಇವರು ಯಾರು’ ಎಂದುಕೊಳ್ಳುತ್ತಾರೆ. ಎರಡನೆಯದಾಗಿ ಕಂಡರೆ ನಿಮ್ಮ ಕೆಲಸ ಲೆಕ್ಕಕ್ಕೇ ಬರುವುದಿಲ್ಲ.

ನೀವು ನಿಜಕ್ಕೂ ತಂಡದ ಮುಖ್ಯಸ್ಥರಾಗಿದ್ದು, ತಂಡದ ಹೊರಗಿನಿಂದ ನೆರವಾದವರನ್ನು ನೆನೆಯಬೇಕಿದ್ದರೆ ಪಟ್ಟಿ ಸಾಕು. ಕೆಲಸ ಮಾಡಿದವರಿಗೆ ಅದು ಸಾಲದು.

ಮೂರನೇ ದಾರಿ: ಹೆಸರಿಗೊಂದು ಕೆಲಸ

> ಹಣ ವಾಪಸಾತಿಯ ಸರಾಸರಿ ಸಮಯ 9 ದಿನದಿಂದ 3 ದಿನಕ್ಕೆ ಇಳಿದಿದೆ. ತಡ ಬ್ಯಾಂಕಿನಲ್ಲಿಲ್ಲ, 7 ದಿನ ನಮ್ಮದೇ ಅನುಮೋದನೆಯ ಹಂತದಲ್ಲಿ ಹೋಗುತ್ತಿದೆ ಎಂಬುದನ್ನು 3 ತಿಂಗಳ ದಾಖಲೆಯಿಂದ ಅನಾಲಿಸ್ಟ್ ತೋರಿಸಿಕೊಟ್ಟರು. ಅದರ ಆಧಾರದ ಮೇಲೆ, ವ್ಯವಸ್ಥೆಯನ್ನು ಪೂರ್ತಿ ಹೊಸದಾಗಿ ಬರೆಯುವ ಬದಲು ಆ ಹಂತವನ್ನಷ್ಟೇ ಬದಲಿಸಲು ನಾನು ನಿರ್ಧರಿಸಿ, ಸಣ್ಣ ಮೊತ್ತಗಳ ಅನುಮೋದನೆಗೆ ಒಂದು ಮಿತಿಯನ್ನು ಲೆಕ್ಕಪತ್ರ ವಿಭಾಗದ ಜೊತೆ ಗೊತ್ತುಮಾಡಿದೆ. ದಿನವೂ ಕಡತ ಕಳಿಸುವ ಮತ್ತು ತಾನಾಗಿ ಅನುಮೋದಿಸುವ ಭಾಗವನ್ನು ಡೆವಲಪರ್ ರೂಪಿಸಿ ಬರೆದರು. ಎರಡು ಸಲ ಹಣ ಹೋಗುವ ಸಾಧ್ಯತೆಯನ್ನು ಟೆಸ್ಟರ್ ಪರೀಕ್ಷೆಯ ಹಂತದಲ್ಲೇ ಹಿಡಿದಿದ್ದರಿಂದ ಜಾರಿಯಾದ ಮೇಲೆ ತೊಂದರೆ ಬರಲಿಲ್ಲ.

ಈ ಪತ್ರದಲ್ಲಿ ಯಾರನ್ನೂ ಹೊಗಳಿಲ್ಲ, ಒಂದು ವಿಶೇಷಣವೂ ಇಲ್ಲ. ಆದರೂ ನಾಲ್ವರೂ ಎದ್ದು ಕಾಣುತ್ತಾರೆ. ಅಂಕಿ ಅಂಶದ ಬಗ್ಗೆ ಸಂಶಯ ಬಂದರೆ ಅನಾಲಿಸ್ಟ್, ಮಿತಿ ಹೆಚ್ಚಿಸಬೇಕೆಂದರೆ ನೀವು, ಬೇರೆ ವಿಭಾಗಕ್ಕೆ ಇದೇ ಕೋಡ್ ಒಯ್ಯಬೇಕೆಂದರೆ ಡೆವಲಪರ್, ಅಪಾಯದ ಬಗ್ಗೆ ಕೇಳಬೇಕೆಂದರೆ ಟೆಸ್ಟರ್. ನನ್ನ ಮಟ್ಟಿಗೆ, ಬೇರೆ ಕಾರಣ ಇಲ್ಲದಿದ್ದರೆ ಆಯ್ದುಕೊಳ್ಳಬೇಕಾದ ದಾರಿ ಇದೇ. ಆದರೆ ಇದನ್ನು ಚೆನ್ನಾಗಿ ಬರೆಯುವುದರಲ್ಲಿ ಕೆಲವು ಕಷ್ಟಗಳಿವೆ.

ಮೊದಲನೆಯದು ನಿಮ್ಮ ಸಾಲಿನ ಜಾಗ. ಅದನ್ನು ಶುರುವಿನಲ್ಲಿಟ್ಟರೆ ಉಳಿದವರು ನಿಮ್ಮ ಸಹಾಯಕರಂತೆ ಕಾಣುತ್ತಾರೆ, ಕೊನೆಯಲ್ಲಿಟ್ಟರೆ ‘ಅಂದ ಹಾಗೆ ನಾನೂ ಇದ್ದೆ’ ಎಂಬಂತಾಗುತ್ತದೆ. ಕೆಲಸ ನಡೆದ ಕ್ರಮದಲ್ಲೇ ಬರೆದರೆ ಈ ಪ್ರಶ್ನೆಯೇ ಏಳುವುದಿಲ್ಲ. ಮೊದಲು ಕಾರಣ ಸಿಕ್ಕಿತು, ಆಮೇಲೆ ನಿರ್ಧಾರ, ಆಮೇಲೆ ನಿರ್ಮಾಣ, ಆಮೇಲೆ ಪರೀಕ್ಷೆ. ನಿಮ್ಮ ಸಾಲು ತಾನಾಗಿ ಎರಡನೆಯದಾಗಿ ಬಂದಿತು, ಅದಕ್ಕೆ ಸಮಜಾಯಿಷಿ ಬೇಕಿಲ್ಲ.

ಎರಡನೆಯದು ಕ್ರಿಯಾಪದ. ಬೇರೆಯವರಿಗೆ ‘ತೋರಿಸಿಕೊಟ್ಟರು’, ‘ರೂಪಿಸಿದರು’, ‘ಹಿಡಿದರು’ ಎಂದು ಗಟ್ಟಿ ಕ್ರಿಯಾಪದ ಕೊಟ್ಟು, ನಿಮ್ಮ ಸರದಿ ಬಂದಾಗ ‘ನನ್ನದೂ ಒಂದು ಅಳಿಲು ಸೇವೆ’, ‘ಸ್ವಲ್ಪ ಸಮನ್ವಯ ನೋಡಿಕೊಂಡೆ’ ಎಂದು ಇಳಿಸುವುದು ನಮ್ಮಲ್ಲಿ ಬಹಳ ಸಾಮಾನ್ಯ. ಮಾತಿನಲ್ಲಿ ಅದು ಚೆಂದ, ಎದುರಿಗಿರುವವರು ಅದನ್ನು ವಿನಯವೆಂದೇ ತೆಗೆದುಕೊಳ್ಳುತ್ತಾರೆ. ಬರವಣಿಗೆಯಲ್ಲಿ, ಅದೂ ನಿಮ್ಮನ್ನು ಅಷ್ಟಾಗಿ ಬಲ್ಲದವರು ಓದುವಾಗ, ಅದು ಅಕ್ಷರಶಃ ಸತ್ಯವಾಗಿಬಿಡುತ್ತದೆ. ಸಮನ್ವಯ ಎಂದರೆ ಸಭೆಯ ಸಮಯ ಗೊತ್ತುಮಾಡುವುದು ಎಂದೇ ಓದಿಕೊಳ್ಳುತ್ತಾರೆ. ನೀವು ಮಾಡಿದ್ದು ಅದಲ್ಲ. ಕಣ್ಣಿಗೆ ಕಾಣದ ಕೆಲಸವನ್ನು ಬರೆಯುವಾಗ ಎರಡು ತುಂಡು ಬೇಕು: ನೀವು ಆರಿಸಿದ್ದೇನು, ಯಾವುದರ ಬದಲು ಆರಿಸಿದಿರಿ. ‘ಪೂರ್ತಿ ಹೊಸದಾಗಿ ಬರೆಯುವ ಬದಲು ಆ ಹಂತವನ್ನಷ್ಟೇ ಬದಲಿಸಲು ನಿರ್ಧರಿಸಿದೆ’ ಎಂಬಲ್ಲಿ ಆ ‘ಬದಲು’ ಇರುವುದರಿಂದಲೇ ಅದು ನಿರ್ಧಾರ ಎಂದು ಗೊತ್ತಾಗುತ್ತದೆ. ಎಷ್ಟು ಸಭೆ ನಡೆಸಿದಿರಿ, ಎಷ್ಟು ಕಷ್ಟಪಟ್ಟಿರಿ ಎಂಬುದು ಅಲ್ಲಿ ಬೇಡ.

ಇದೇ ಮಾತು ಕಿರಿಯರಿಗೂ ಅನ್ವಯಿಸುತ್ತದೆ. ಟೆಸ್ಟರ್ ಹೊಸಬರು ಎಂಬ ಕಾರಣಕ್ಕೆ ‘ಪರೀಕ್ಷೆಯಲ್ಲಿ ಸಹಾಯ ಮಾಡಿದರು, ಬಹಳ ಕಲಿತರು’ ಎಂದು ಬರೆಯಬೇಡಿ. ಅವರು ಮಾಡಿದ್ದು ಸಹಾಯವಲ್ಲ, ಒಂದು ನಷ್ಟವನ್ನು ತಡೆದರು.

ಮೂರನೆಯ ಕಷ್ಟ ಇನ್ನೂ ನಾಜೂಕಿನದು. ಟೆಸ್ಟರ್ ದೋಷ ಹಿಡಿದರು ಎಂದರೆ ಡೆವಲಪರ್ ದೋಷ ಮಾಡಿದರು ಎಂದೂ ಆಯಿತು. ಲೆಕ್ಕಪತ್ರ ವಿಭಾಗವನ್ನು ನೀವು ‘ಒಪ್ಪಿಸಿದೆ’ ಎಂದರೆ ಅವರು ಅಡ್ಡಗಾಲು ಹಾಕಿದ್ದರು ಎಂದಾಯಿತು. ಒಬ್ಬರ ಪಾಲನ್ನು ಬೆಳಗಲು ಹೋಗಿ ಇನ್ನೊಬ್ಬರ ಮುಖಕ್ಕೆ ಮಸಿ ಹತ್ತಬಾರದು. ಮೇಲಿನ ಪತ್ರದಲ್ಲಿ ‘ಎರಡು ಸಲ ಹಣ ಹೋಗುವ ಸಾಧ್ಯತೆ’ ಎಂದಿದೆ, ಅದು ಯಾರ ಕೋಡ್‌ನಲ್ಲಿತ್ತು ಎಂದಿಲ್ಲ. ‘ಪರೀಕ್ಷೆಯ ಹಂತದಲ್ಲೇ’ ಎಂಬ ಮಾತು ಅದನ್ನು ಸಹಜ ಹಂತವಾಗಿಸಿದೆ. ಹಾಗೆಯೇ ‘ಲೆಕ್ಕಪತ್ರ ವಿಭಾಗದ ಜೊತೆ ಗೊತ್ತುಮಾಡಿದೆ’ ಎಂದಾಗ ಮಾಡಿದವರು ನೀವೇ ಎಂದು ತಿಳಿಯುತ್ತದೆ, ಅವರೂ ಪಾಲುದಾರರಾಗಿ ಉಳಿಯುತ್ತಾರೆ. ಒಪ್ಪಿಸಲು ನೀವು ಪಟ್ಟ ಪಾಡು ಅಲ್ಲಿ ಬಂದಿಲ್ಲ, ನಿಜ. ಅದಕ್ಕೆ ಬೇರೆ ಜಾಗ ಇದೆ, ನಾಲ್ಕನೇ ದಾರಿಯಲ್ಲಿ ಬರುತ್ತದೆ.

ಇಂಥ ಬರವಣಿಗೆ ಹೊಸದೇನಲ್ಲ. ಹಲವು ಲೇಖಕರಿರುವ ಸಂಶೋಧನಾ ಪ್ರಬಂಧಗಳಲ್ಲಿ ಯಾರ ಹೆಸರು ಮೊದಲು ಎಂಬ ಜಗಳ ಹಳೆಯದು. ಅದಕ್ಕೆ ಉತ್ತರವಾಗಿ ‘ಕ್ರೆಡಿಟ್’ ಎಂಬ ವರ್ಗೀಕರಣ ಹುಟ್ಟಿತು. ಅದರಲ್ಲಿ 14 ಪಾತ್ರಗಳಿವೆ: ಪರಿಕಲ್ಪನೆ, ದತ್ತಾಂಶ ನಿರ್ವಹಣೆ, ಸಾಫ್ಟ್‌ವೇರ್, ಪರಿಶೀಲನೆ, ಮೊದಲ ಕರಡು, ಯೋಜನೆಯ ಆಡಳಿತ ಇತ್ಯಾದಿ. ಪ್ರತಿ ಲೇಖಕರ ಹೆಸರಿನ ಮುಂದೆ ಅವರ ಪಾತ್ರ ಬರೆಯುತ್ತಾರೆ. 2022ರಲ್ಲಿ ಇದು ಅಮೆರಿಕದ ರಾಷ್ಟ್ರೀಯ ಮಾನಕವೂ ಆಯಿತು. ಅದರಲ್ಲಿ ನನಗೆ ಮುಖ್ಯವೆನಿಸುವುದು ಯೋಜನೆಯ ಆಡಳಿತ, ಮೇಲ್ವಿಚಾರಣೆ ಇಂಥವು ಕೂಡ ಸ್ವಂತ ಹೆಸರುಳ್ಳ ಪಾತ್ರಗಳಾಗಿ ಪಟ್ಟಿಯಲ್ಲಿವೆ ಎಂಬುದು. ಕೂಡಿಸುವ, ಒಪ್ಪಿಸುವ ಕೆಲಸವನ್ನು ಅಲ್ಲಿ ‘ಇತರೆ’ ಎಂದು ತಳ್ಳಿಲ್ಲ. ನಿಮ್ಮ ಸಾಲಿಗೆ ಹೆಸರು ಸಿಗದಿದ್ದಾಗ ಆ 14ರ ಮೇಲೊಮ್ಮೆ ಕಣ್ಣು ಹಾಯಿಸಿದರೆ ಪ್ರಯೋಜನವಾದೀತು.

ಕಳಿಸುವ ಮೊದಲು ಒಂದು ಕೆಲಸ

ಕರಡನ್ನು ಅದರಲ್ಲಿ ಹೆಸರಿರುವ ಎಲ್ಲರಿಗೂ ತೋರಿಸಿ. ಸೌಜನ್ಯಕ್ಕಾಗಿ ಅಷ್ಟೇ ಅಲ್ಲ. ಮೈಕಲ್ ರಾಸ್ ಮತ್ತು ಫಿಯೋರೆ ಸಿಕೊಲಿ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಂಪತಿಗಳನ್ನು ಬೇರೆ ಬೇರೆಯಾಗಿ ಕೂರಿಸಿ ಮನೆಯ ಕೆಲಸಗಳಲ್ಲಿ ತಮ್ಮ ಪಾಲೆಷ್ಟು ಎಂದು ಕೇಳಿದರು. ಹೆಚ್ಚಿನ ಕೆಲಸಗಳಲ್ಲಿ ಇಬ್ಬರ ಉತ್ತರ ಕೂಡಿಸಿದರೆ ನೂರಕ್ಕಿಂತ ಹೆಚ್ಚಾಗುತ್ತಿತ್ತು. ಯಾರೂ ಸುಳ್ಳು ಹೇಳಿರಬೇಕಾಗಿಲ್ಲ. ತಾನು ಮಾಡಿದ್ದು ತನಗೆ ಸುಲಭವಾಗಿ ನೆನಪಿಗೆ ಬರುತ್ತದೆ, ಬೇರೆಯವರು ಮಾಡಿದ್ದು ಹಾಗೆ ಬರುವುದಿಲ್ಲ. ಆದ್ದರಿಂದ ನಿಮ್ಮ ನೆನಪಿನಿಂದಷ್ಟೇ ಬರೆದ ಪತ್ರ, ನೀವು ಎಷ್ಟೇ ಪ್ರಾಮಾಣಿಕರಾಗಿದ್ದರೂ, ನಿಮ್ಮ ಕಡೆಗೆ ವಾಲಿರುತ್ತದೆ.

ತೋರಿಸುವಾಗ ‘ಸರಿ ಇದೆಯಾ’ ಎಂದಷ್ಟೇ ಕೇಳಿದರೆ ‘ಹೂಂ, ಸರಿ ಇದೆ’ ಎಂಬ ಉತ್ತರ ಬರುತ್ತದೆ. ಪ್ರಶ್ನೆ ಹೀಗಿರಲಿ: ‘ನಿಮ್ಮ ಸಾಲು ಹೀಗೆ ಬರೆದಿದ್ದೇನೆ. ನನಗೆ ಕಾಣದ ಹಾಗೆ ನೀವು ಮಾಡಿದ್ದು ಏನಾದರೂ ಬಿಟ್ಟುಹೋಗಿದೆಯೇ? ಬೇರೆ ಯಾರಾದರೂ ಬಿಟ್ಟುಹೋಗಿದ್ದಾರೆಯೇ?’ ನಮ್ಮ ಉದಾಹರಣೆಯಲ್ಲಿ ಅನಾಲಿಸ್ಟ್ ಹೀಗೆ ಉತ್ತರಿಸುತ್ತಾರೆ ಎಂದಿಟ್ಟುಕೊಳ್ಳಿ: ‘ನಾನು ಅನುಮೋದನೆಯ ದಿನಾಂಕ ನೋಡಿದ್ದೇ ಗ್ರಾಹಕ ಸೇವೆಯವರಿಂದ. ಸೋಮವಾರ ಮತ್ತು ಗುರುವಾರ ಮಾತ್ರ ಹಣ ಹೋಗುವ ಹಾಗಿದೆ ಎಂದು ಅವರಲ್ಲೊಬ್ಬರು ಗುರುತಿಸಿದ್ದರು.’ ಇದು ನಿಮಗೆ ಗೊತ್ತೇ ಇರಲಿಲ್ಲ. ಈಗ ಪತ್ರಕ್ಕೆ ಇನ್ನೊಂದು ಹೆಸರು ಬಂತು: ‘ವಾರದ ಎರಡೇ ದಿನ ಹಣ ಹೋಗುತ್ತಿರುವುದನ್ನು ಗ್ರಾಹಕ ಸೇವೆಯವರು ಗಮನಿಸಿದ್ದರು, ಅದನ್ನು ಹಿಡಿದು ಅನಾಲಿಸ್ಟ್ 3 ತಿಂಗಳ ದಾಖಲೆ ಪರಿಶೀಲಿಸಿದರು’. ಮೇಲಿನವರ ಕಣ್ಣಿಗೆ ಎಂದೂ ಬೀಳದ ಒಬ್ಬರು ಹೀಗೆ ಕಾಣಿಸಿಕೊಳ್ಳುತ್ತಾರೆ.

ತೋರಿಸುವುದರಿಂದ ನಿಮ್ಮ ಸಾಲಿಗೂ ಬಲ ಬರುತ್ತದೆ. ಜೊತೆಯವರು ನೋಡಿ ಒಪ್ಪಿದ ‘ನಾನು ನಿರ್ಧರಿಸಿದೆ’ ಎಂಬ ಮಾತನ್ನು ಬರೆಯಲು ಅಳುಕಬೇಕಿಲ್ಲ. ಯಾರಾದರೂ ‘ಅದು ನನ್ನ ಸಲಹೆಯಾಗಿತ್ತಲ್ಲ’ ಎಂದರೆ ವಾದಕ್ಕಿಳಿಯಬೇಡಿ. ಆಲೋಚನೆ ಯಾರದು ಎಂಬುದು ತೀರ್ಮಾನವಾಗದ ವಿಷಯ, ನಡೆದ ಸಂಗತಿಯನ್ನಾದರೆ ಬರೆಯಬಹುದು: ‘ಆ ಹಂತವನ್ನಷ್ಟೇ ಬದಲಿಸುವ ಸಲಹೆ ಡೆವಲಪರ್‌ ಅವರದು, ನಾನು ಅದನ್ನು ಆಯ್ದು, ಮಿತಿ ಮತ್ತು ಜಾರಿಯ ಕ್ರಮವನ್ನು ಗೊತ್ತುಮಾಡಿದೆ’. ಇಬ್ಬರದೂ ಉಳಿಯಿತು. ಹೆಸರು ಬರುವುದೇ ಬೇಡ ಎನ್ನುವವರೂ ಇರುತ್ತಾರೆ, ಅವರ ಮಾತಿಗೆ ಬೆಲೆ ಕೊಡಿ.

ನಾಲ್ಕನೇ ದಾರಿ: ಎರಡು ಪತ್ರ

ಹಲವರಿಗೆ ಹೋಗುವ ಪತ್ರದಲ್ಲಿ ತಂಡದ ಕೆಲಸ ಬರೆದು, ನಿಮ್ಮ ಕೆಲಸದ ವಿವರವನ್ನು ನಿಮ್ಮ ನೇರ ಮ್ಯಾನೇಜರ್‌ಗೆ ಬೇರೆಯಾಗಿ ಬರೆಯುವುದು ನಾಲ್ಕನೇ ದಾರಿ. ಎರಡು ಸಂದರ್ಭಗಳಲ್ಲಿ ಇದು ಮೂರನೆಯದಕ್ಕಿಂತ ಮೇಲು. ಒಂದು, ನೀವೇ ತಂಡದ ಮುಖ್ಯಸ್ಥರಾಗಿದ್ದಾಗ. ಆಗ ನಿಮ್ಮ ಪಾತ್ರ ಇದ್ದೇ ಇದೆ ಎಂದು ಎಲ್ಲರೂ ತಿಳಿದಿರುತ್ತಾರೆ, ಪತ್ರದ ಜಾಗವನ್ನೆಲ್ಲ ಉಳಿದವರಿಗೆ ಬಿಡಬಹುದು. ಇನ್ನೊಂದು, ನಿಮ್ಮ ಕೆಲಸದ ಕಷ್ಟ ಇರುವುದೇ ಎಲ್ಲರೆದುರು ಹೇಳಲಾಗದ ಭಾಗದಲ್ಲಿ ಎಂದಾದಾಗ. ಲೆಕ್ಕಪತ್ರ ವಿಭಾಗದ ಮುಖ್ಯಸ್ಥರು ಮೊದಲು ಖಡಾಖಂಡಿತ ಬೇಡ ಎಂದಿದ್ದು, ಮೋಸದ ಬೇಡಿಕೆಗಳ ಭಯವನ್ನು ನೀವು ಪ್ರಯೋಗದಿಂದ ನಿವಾರಿಸಿದ್ದು, ಇದನ್ನೆಲ್ಲ ಸಾರ್ವಜನಿಕವಾಗಿ ಬರೆದರೆ ಮುಂದಿನ ಸಲ ಅವರು ನಿಮ್ಮ ಫೋನ್ ಎತ್ತಲಿಕ್ಕಿಲ್ಲ.

ಆ ಎರಡನೇ ಪತ್ರ ಹೀಗಿರಬಹುದು:

> ಹಣ ವಾಪಸಾತಿಯ ಪತ್ರ ನೋಡಿರುತ್ತೀರಿ. ಅದರಲ್ಲಿ ಬರೆಯದ ಒಂದು ಭಾಗ ನಿಮ್ಮ ಗಮನಕ್ಕೆ: ತಾನಾಗಿ ಅನುಮೋದನೆ ಕೊಡುವುದಕ್ಕೆ ಲೆಕ್ಕಪತ್ರ ವಿಭಾಗದ ಒಪ್ಪಿಗೆ ಮೊದಲು ಇರಲಿಲ್ಲ, ಮೋಸದ ಬೇಡಿಕೆಗಳ ಬಗ್ಗೆ ಅವರ ಆತಂಕ ನ್ಯಾಯವಾದದ್ದೇ. ಮೊತ್ತಕ್ಕೆ ಮಿತಿ ಹಾಕಿ, ಒಂದೇ ಬಗೆಯ ವಸ್ತುವಿನಲ್ಲಿ ಮೊದಲು ನಡೆಸಿ ತೋರಿಸುವ ಕ್ರಮವನ್ನು ನಾನು ಮುಂದಿಟ್ಟ ಮೇಲೆ ಅವರು ಒಪ್ಪಿದರು. ಮಿತಿ ಹೆಚ್ಚಿಸುವ ಮಾತು ಬಂದಾಗ ಇದೇ ಕ್ರಮ ಅನುಸರಿಸಬೇಕಾಗುತ್ತದೆ.

ಕೊನೆಯ ಸಾಲು ಮುಖ್ಯ. ಅದರಿಂದಾಗಿ ಇದು ಹೊಗಳಿಕೆ ಬೇಡುವ ಪತ್ರವಾಗದೆ ಮುಂದಿನ ಕೆಲಸಕ್ಕೆ ಬೇಕಾದ ಸೂಚನೆಯಾಗುತ್ತದೆ.

ಈ ದಾರಿಯ ದೊಡ್ಡ ಅಪಾಯ, ಎರಡನೇ ಪತ್ರ ಬರೆಯದೇ ಹೋಗುವುದು. ಮೊದಲನೆಯದು ಕಳಿಸಿದ ಸಮಾಧಾನದಲ್ಲಿ ‘ವರ್ಷದ ಕೊನೆಯ ಮೌಲ್ಯಮಾಪನದಲ್ಲಿ ಹೇಳಿದರಾಯಿತು’ ಎಂದುಕೊಳ್ಳುತ್ತೇವೆ. ಅಷ್ಟು ಹೊತ್ತಿಗೆ ಮಿತಿ ಎಷ್ಟಿತ್ತು, ಯಾರು ಏಕೆ ಬೇಡ ಎಂದಿದ್ದರು ಎಂಬುದು ನಿಮಗೇ ಮಸುಕಾಗಿರುತ್ತದೆ, ಕೇಳುವವರಿಗೆ ಅದು ತಡವಾಗಿ ತಂದ ಹಕ್ಕೊತ್ತಾಯದಂತೆ ಕಾಣುತ್ತದೆ. ಎರಡನ್ನೂ ಒಂದೇ ದಿನ ಬರೆಯಿರಿ. ಇನ್ನೊಂದು ಅಪಾಯ, ಎರಡರಲ್ಲಿ ಎರಡು ಕತೆ ಹೇಳುವುದು. ಮೊದಲ ಪತ್ರದಲ್ಲಿ ಅನಾಲಿಸ್ಟ್ ಕಾರಣ ಹುಡುಕಿದರು ಎಂದು ಬರೆದು, ಎರಡನೆಯದರಲ್ಲಿ ‘ನಿಜವಾಗಿ ನಾನೇ ದಾರಿ ತೋರಿಸಿದ್ದು’ ಎಂದರೆ ಅದು ಬೆನ್ನ ಹಿಂದಿನ ಮಾತು. ಆ ಎರಡನೇ ಪತ್ರ ಆಕಸ್ಮಿಕವಾಗಿ ತಂಡದ ಕೈಗೆ ಸಿಕ್ಕರೂ ಯಾರಿಗೂ ಆಶ್ಚರ್ಯವಾಗಬಾರದು. ಆಗುವಂತಿದ್ದರೆ ಆ ಸಾಲು ತೆಗೆಯಿರಿ.

ಹಾಗಾದರೆ ಯಾವುದು?

ಓದುವವರು ನಿಮ್ಮ ಪಕ್ಕದಲ್ಲೇ ಇದ್ದು ಎಲ್ಲವನ್ನೂ ನೋಡಿದ್ದರೆ ಮೊದಲನೆಯದು ಸಾಕು, ಹೊರಗಿನವರ ನೆರವು ನೆನೆಯಲು ಎರಡನೆಯದು. ಓದುವವರು ನಿಮಗಿಂತ ಎರಡು ಮೂರು ಮೆಟ್ಟಿಲು ಮೇಲಿದ್ದು, ತಂಡದಲ್ಲಿ ಎಲ್ಲರೂ ಸರಿಸಮಾನರಾಗಿದ್ದರೆ ಮೂರನೆಯದು. ನೀವು ಮುಖ್ಯಸ್ಥರಾಗಿದ್ದರೆ ಅಥವಾ ನಿಮ್ಮ ಪಾಲಿನಲ್ಲಿ ಇನ್ನೊಬ್ಬರ ಮರ್ಯಾದೆಯ ವಿಷಯ ಬೆರೆತಿದ್ದರೆ ನಾಲ್ಕನೆಯದು. ಪತ್ರವನ್ನು ಜೊತೆಯವರೊಬ್ಬರಿಂದ ಬರೆಸುವುದೂ ಉಂಟು. ಅವರೂ ಮೂರನೇ ದಾರಿಯಲ್ಲೇ ಬರೆದರೆ ಒಳ್ಳೆಯದೇ, ಆದರೆ ನಿಮ್ಮ ಸಾಲು ಅವರಿಗೆ ಗೊತ್ತಿರುವಷ್ಟೇ ಬರುತ್ತದೆ, ಆದ್ದರಿಂದ ಅದನ್ನು ನೀವೇ ಒಂದು ವಾಕ್ಯದಲ್ಲಿ ಬರೆದು ಕೊಡಿ.

ನಿಮ್ಮ ಪಾಲು ನಿಜಕ್ಕೂ ಚಿಕ್ಕದಿದ್ದಾಗ ಯಾವ ದಾರಿಯಲ್ಲೂ ಅದನ್ನು ಹಿಗ್ಗಿಸಬೇಡಿ. ಸಾಲುಗಳ ಉದ್ದ ಸಮನಾಗಿರಬೇಕೆಂಬ ನಿಯಮವೇನಿಲ್ಲ. ಅನಾಲಿಸ್ಟ್‌ಗೆ ಎರಡು ವಾಕ್ಯ, ನಿಮಗೆ ಅರ್ಧ ವಾಕ್ಯ ಆದರೂ ಆ ಅರ್ಧ ವಾಕ್ಯದಲ್ಲಿ ಕ್ರಿಯಾಪದ ಗಟ್ಟಿಯಾಗಿದ್ದರೆ ಸಾಕು.

ಪತ್ರ ಕೆಲಸ ಮಾಡಿತೇ ಎಂದು ತಿಳಿಯಲು ಬರುವ ಉತ್ತರಗಳನ್ನು ನೋಡಿ. ‘ಎಲ್ಲರಿಗೂ ಅಭಿನಂದನೆ’ ಎಂದಷ್ಟೇ ಬಂದರೆ ಅದರಿಂದ ಏನೂ ತಿಳಿಯುವುದಿಲ್ಲ. ಮುಂದಿನ ಪ್ರಶ್ನೆ ಎಲ್ಲಿಗೆ ಹೋಯಿತು ಎಂಬುದನ್ನು ಗಮನಿಸಿ. ಮಿತಿಯ ಬಗ್ಗೆ ಪ್ರಶ್ನೆ ನಿಮಗೆ ಬಂದು, ಕೋಡ್ ಬಗ್ಗೆ ಪ್ರಶ್ನೆ ನೇರ ಡೆವಲಪರ್‌ಗೆ ಹೋದರೆ ಸಾಲುಗಳು ಮುಟ್ಟಿವೆ. ಮಿತಿಯ ಬಗ್ಗೆ ಡೆವಲಪರ್ ಅವರನ್ನು ಕೇಳುತ್ತಿದ್ದಾರೆ ಎಂದರೆ ನಿಮ್ಮ ಸಾಲು ಮಸುಕಾಗಿತ್ತು. ಆಗ ದೂರಬೇಡಿ, ಆ ಸಂವಾದದಲ್ಲೇ ‘ಮಿತಿಯನ್ನು ಲೆಕ್ಕಪತ್ರ ವಿಭಾಗದ ಜೊತೆ ನಾನು ಗೊತ್ತುಮಾಡಿದ್ದರಿಂದ ಇದಕ್ಕೆ ಉತ್ತರಿಸುತ್ತೇನೆ’ ಎಂದು ಶುರುಮಾಡಿ ಉತ್ತರ ಕೊಡಿ. ಎಲ್ಲ ಪ್ರಶ್ನೆಗಳೂ ನಿಮಗೇ ಬರುತ್ತಿದ್ದರೆ ಉಳಿದವರ ಸಾಲುಗಳು ಮಸುಕಾಗಿದ್ದವು ಎಂದು ತಿಳಿಯಿರಿ. ಟೆಸ್ಟಿಂಗ್ ಬಗ್ಗೆ ಬಂದದ್ದಕ್ಕೆ ಉತ್ತರ ಗೊತ್ತಿದ್ದರೂ ನೀವು ಹೇಳಬೇಡಿ. ಟೆಸ್ಟರ್ ಅವರನ್ನು ಆ ಸಂವಾದಕ್ಕೆ ಸೇರಿಸಿ, ‘ಎರಡು ಸಲ ಹಣ ಹೋಗುವುದನ್ನು ಹಿಡಿದವರು ಇವರು, ಇವರೇ ಹೇಳುತ್ತಾರೆ’ ಎಂದು ಬರೆದು ಅವರಿಗೆ ಬಿಡಿ.